ಡೈ ಅಲರ್ಜಿಗೆ ಅಂಗಡಿ ವಿಮೆ ಸಾಕಾ?

"ಪಾರ್ಲರ್‌ಗೆ ಶಾಪ್‌ಕೀಪರ್ ಪಾಲಿಸಿ ಇದೆ. ಡೈಯಿಂದ ಅಲರ್ಜಿ ಆದ್ರೆ ಕ್ಲೇಮ್ ಸಿಗುತ್ತಾ?"

ಹೆಚ್ಚಾಗಿ ಸಿಗುವುದಿಲ್ಲ ಮೇಡಂ. ಅದರ ಪಬ್ಲಿಕ್ ಲಯಬಿಲಿಟಿ ಭಾಗ ಇರುವುದು ಗ್ರಾಹಕರು ಒದ್ದೆ ನೆಲದಲ್ಲಿ ಜಾರಿ ಬೀಳುವಂಥದ್ದಕ್ಕೆ. ನೀವು ಮಾಡಿದ ಸೇವೆಯಿಂದಲೇ ಆದ ತೊಂದರೆಯನ್ನು ಸಾಮಾನ್ಯವಾಗಿ ಹೊರಗಿಟ್ಟಿರುತ್ತಾರೆ, ಬಿಸಿ ವ್ಯಾಕ್ಸ್‌ನ ಸುಟ್ಟ ಗಾಯವೂ ಅಷ್ಟೇ. ಅದಕ್ಕೆ ಪ್ರೊಫೆಷನಲ್ ಇಂಡೆಮ್ನಿಟಿ ಅನ್ನುವ ವಿಮೆಯನ್ನು ಬೇರೆಯಾಗಿ ಕೇಳಿ. ಡೈ, ವ್ಯಾಕ್ಸಿಂಗ್ ಎರಡನ್ನೂ ಪಾಲಿಸಿಯಲ್ಲಿ ಹೆಸರು ಹಾಕಿಸಿ.

ಇನ್ನು ಪ್ಯಾಚ್ ಟೆಸ್ಟ್. 48 ಗಂಟೆ ಮೊದಲು ಮೊಣಕೈ ಒಳಬದಿಗೆ ಅದೇ ಡೈ ಸ್ವಲ್ಪ ಹಚ್ಚಿ. ದಿನಾಂಕ, ಶೇಡ್, ಸಹಿ ರಿಜಿಸ್ಟರ್‌ನಲ್ಲಿರಲಿ. "ಹೋದ ಸಲ ಏನೂ ಆಗಿಲ್ವಲ್ಲ" ಅಂದರೂ ದಯವಿಟ್ಟು ಬಿಡಬೇಡಿ. ಡೈಯಲ್ಲಿರುವ ಪಿಪಿಡಿ ಎಂಬ ರಾಸಾಯನಿಕಕ್ಕೆ ಅಲರ್ಜಿ ಎಷ್ಟೋ ಸಲ ಹಚ್ಚಿದ ಮೇಲೂ ಶುರುವಾಗಬಹುದು. ಮುಖ ಊದಿದರೆ ಮೊದಲು ಡಾಕ್ಟರ್ ಹತ್ತಿರ ಕಳಿಸಿ, ಅದೇ ದಿನ ವಿಮಾ ಕಂಪನಿಗೆ ತಿಳಿಸಿ. ಅವರನ್ನು ಕೇಳದೆ ಪರಿಹಾರದ ಮೊತ್ತ ಒಪ್ಪಿಕೊಂಡರೆ ಕ್ಲೇಮ್ ಕೈತಪ್ಪಬಹುದು.