ಸರ್ವಶ್ರೇಷ್ಠ ಹಸಿ

ಮೂರು ಸೈಕಲ್ ದಾರಿಗಳಿಗೆ ಹೆಸರಿಡಲು ರಚನೆಯಾಗಿದ್ದ ನಾಮಕರಣ ಸಮಿತಿಯಲ್ಲಿ ಸೈಕಲ್ ಸವಾರರ ಪರವಾಗಿ ನಾನೂ ಒಬ್ಬ ಸದಸ್ಯನಾಗಿದ್ದೆ. ಉಳಿದ ಹತ್ತು ಮಂದಿಯೂ ಗಣ್ಯರೇ ಆಗಿದ್ದುದರಿಂದ ಅವರಲ್ಲಿ ಯಾರಿಗೂ ಸೈಕಲ್ ಹತ್ತುವ ಅಗತ್ಯ ಬಿದ್ದಿರಲಿಲ್ಲ. ಒಬ್ಬರು ಹೆಸರಿನಲ್ಲಿ ಹಸಿರು ಇರಲೇಬೇಕೆಂದರು, ಇನ್ನೊಬ್ಬರು ಸೌಹಾರ್ದವನ್ನು ಬಿಟ್ಟರೆ ತಪ್ಪು ಸಂದೇಶ ಹೋಗುತ್ತದೆಂದರು, ಮೂರನೆಯವರಿಗೆ ಸಾಹಸವಿಲ್ಲದೆ ಯುವಜನರು ಬರುವುದಿಲ್ಲವೆಂಬ ಆತಂಕವಿತ್ತು. ಯಾರ ಮನಸ್ಸನ್ನೂ ನೋಯಿಸಬಾರದೆಂಬ ಸದುದ್ದೇಶದಿಂದ ಎಲ್ಲರ ಪದಗಳನ್ನೂ ಸಾಲಾಗಿ ಜೋಡಿಸಿದಾಗ ‘ಸರ್ವಶ್ರೇಷ್ಠ ಹಸಿರು ಸಮೃದ್ಧಿ ಸೌಹಾರ್ದ ಸಾಹಸ ಸೈಕಲ್ ಪಥ – ಹಂತ 1’ ಎಂಬ ಹೆಸರು ಸಿದ್ಧವಾಯಿತು. ಉಳಿದೆರಡು ದಾರಿಗಳಿಗೆ ಹೊಸದಾಗಿ ಯೋಚಿಸುವ ಶ್ರಮವೂ ಉಳಿಯಿತು. ಕೊನೆಯ ಅಂಕಿಯನ್ನು 2 ಮತ್ತು 3 ಎಂದು ತಿದ್ದಿದರೆ ಸಾಕಾಯಿತು.

ಹೆಸರನ್ನು ಫಲಕದ ಮೇಲೆ ಓದುವವರಿಗಿಂತ ಹ್ಯಾಂಡಲ್ ಮೇಲಿನ ಅಂಗೈಯಗಲದ ಪರದೆಯಲ್ಲಿ ಓದುವವರೇ ಹೆಚ್ಚು ಎಂಬ ನನ್ನ ಮಾತು ನಡಾವಳಿಯಲ್ಲಿ ‘ಗಮನಿಸಲಾಯಿತು’ ಎಂದು ದಾಖಲಾಗಿದೆ. ಅಕ್ಷರಗಳು ಅತಿಯಾದವೇ ಎಂದು ಅಧ್ಯಕ್ಷರು ಬೆರಳು ಮಡಚಿ ಎಣಿಸಿ, ‘ಶ್ರೇಷ್ಠ’ ಎಂಬುದು ಎರಡೇ ಅಕ್ಷರವಲ್ಲವೇ ಎಂದು ಕೇಳಿದರು. ಕಣ್ಣಿಗೆ ಎರಡೇ ನಿಜ, ಆದರೆ ಯಂತ್ರ ವ್ಯಂಜನ, ಒತ್ತಕ್ಷರವನ್ನು ಕೂಡಿಸುವ ವಿರಾಮ, ಸ್ವರಚಿಹ್ನೆಗಳನ್ನು ಬೇರೆಬೇರೆಯಾಗಿ ಎಣಿಸುವುದರಿಂದ ಅದರ ಲೆಕ್ಕದಲ್ಲಿ ಆ ಪದ ಏಳು ಸಂಕೇತಗಳನ್ನು ನುಂಗುತ್ತದೆ. ನನ್ನ ಜಿಪಿಎಸ್ ಸಾಧನದ ದಾರಿಪಟ್ಟಿಯಲ್ಲಿ ಒಂದು ಸಾಲಿಗೆ 15 ಸಂಕೇತಗಳಷ್ಟೇ ಹಿಡಿಯುತ್ತವೆ. ಸಮಿತಿ ಒಮ್ಮತದಿಂದ ಅಂಗೀಕರಿಸಿದ ಹೆಸರು ಅಲ್ಲಿ ‘ಸರ್ವಶ್ರೇಷ್ಠ ಹಸಿ…’ ಎಂದು ಕಾಣಿಸಿಕೊಂಡಿತು. ರು ಎಂಬ ಒಂದಕ್ಷರ ಬಿದ್ದುಹೋದದ್ದರಿಂದ ಹಸಿರು ಹಸಿಯಾದದ್ದು ದೊಡ್ಡ ಮಾತಲ್ಲ. ಮೂರೂ ದಾರಿಗಳು ಒಂದರ ಕೆಳಗೊಂದು ‘ಸರ್ವಶ್ರೇಷ್ಠ ಹಸಿ…’ ಎಂದೇ ನಿಂತಿದ್ದವು, ಅವುಗಳನ್ನು ಬೇರೆಬೇರೆಯೆಂದು ಹೇಳಬಲ್ಲ ಏಕೈಕ ಅಂಕಿ ಆ ಮೂರು ಚುಕ್ಕೆಗಳ ಆಚೆ ಎಲ್ಲೋ ಉಳಿದಿತ್ತು.

ಇದರ ಫಲವನ್ನು ಮೊದಲು ಉಂಡವರು ನಮ್ಮ ಗುಂಪಿನ ಹಿರಿಯ ಸವಾರರೊಬ್ಬರು. ಮಂಡಿನೋವಿನಿಂದ ಚೇತರಿಸಿಕೊಳ್ಳುತ್ತಿದ್ದ ಅವರು ನಾಲೆಯ ಏರಿಯ ಮೇಲೆ 11 ಕಿ.ಮೀ. ಸಮತಟ್ಟಾಗಿ ಸುತ್ತಿ ಬರುವ ಮೊದಲ ಹಂತಕ್ಕೆಂದು ಹೊರಟು, ಪಟ್ಟಿಯಲ್ಲಿ ಮೇಲಿದ್ದ ಹೆಸರನ್ನು ಒತ್ತಿದರು. ಅದು ಮೂರನೆಯ ಹಂತವಾಗಿತ್ತು: 34 ಕಿ.ಮೀ. ಉದ್ದ, 700 ಮೀಟರ್ ಏರು. ಮೂರೂ ದಾರಿಗಳು ಒಂದೇ ಮೈದಾನದಿಂದ ಹೊರಟು ಮೊದಲ ಎರಡು ಕಿ.ಮೀ. ಜೊತೆಯಾಗಿಯೇ ಸಾಗುವುದರಿಂದ ತಪ್ಪು ಗೊತ್ತಾಗುವ ಹೊತ್ತಿಗೆ ಅವರು ಅರ್ಧ ಬೆಟ್ಟ ಏರಿದ್ದರು. ಎಲ್ಲಿದ್ದೀರಿ ಸರ್ ಎಂದು ನಾನು ಫೋನಿನಲ್ಲಿ ಕೇಳಿದಾಗ ಅವರು ಏದುಸಿರು ಬಿಡುತ್ತಾ, “ಸರ್ವಶ್ರೇಷ್ಠ ಹಸಿಯಲ್ಲಿ ಇದ್ದೇನಪ್ಪಾ” ಎಂದರು. ಅದು ಮೂರು ದಾರಿಗಳಿಗೂ ಸಮಾನವಾಗಿ ಸಲ್ಲುವ ಉತ್ತರವಾಗಿದ್ದರಿಂದ ನಾವು ಅವರನ್ನು ಮೊದಲು ನಾಲೆಯ ಏರಿಯ ಮೇಲೆ ಹುಡುಕಿದೆವು.

ಮರುದಿನ ನಾನು ಸಾಧನಕ್ಕೆ ದಾರಿ ತಿಳಿಸುವ ಕಡತದ ಹೆಸರನ್ನೇ ಬದಲಿಸಿ `03.gpx` ಎಂದು ಮಾಡಿ ಎಲ್ಲರಿಗೂ ಕಳುಹಿಸಿ ಬುದ್ಧಿವಂತನಾದೆ. ಸಾಧನದಲ್ಲಿ ಮತ್ತೆ ಅದೇ ಸರ್ವಶ್ರೇಷ್ಠ ಹಸಿ. ದಾರಿಯ ಹೆಸರು ಕಡತದ ಹೊರಗೆ ಮಾತ್ರವಲ್ಲ, ಒಳಗೂ ಬರೆದಿರುತ್ತದೆ, ಮತ್ತು ಹಲವು ಸಾಧನಗಳು ಒಳಗಿನದನ್ನೇ ಓದುತ್ತವೆ:

```xml
<trk>
  <name>ಸರ್ವಶ್ರೇಷ್ಠ ಹಸಿರು ಸಮೃದ್ಧಿ ಸೌಹಾರ್ದ…</name>
</trk>
```

ಈ ಸಾಲನ್ನು ತಿದ್ದದೆ ಹೊರಗಿನ ಹೆಸರನ್ನು ಎಷ್ಟು ಸಲ ಬದಲಿಸಿದರೂ ಅದು ಮನೆಯ ಫಲಕ ಬದಲಿಸಿ ಒಳಗಿನವರ ಹೆಸರು ಬದಲಾಯಿತೆಂದು ನಂಬಿದಂತೆ. ಇನ್ನು ಹುಡುಕಿ ಪಡೆಯುತ್ತೇವೆಂದು ಹೊರಟವರ ಪಾಡು ಬೇರೆ. ಒಬ್ಬರು `sarvashreshta` ಎಂದು, ಇನ್ನೊಬ್ಬರು `sarvashreshtha` ಎಂದು, ಮತ್ತೊಬ್ಬರು `sarvasreshta` ಎಂದು ಟೈಪಿಸಿ, ಅಂಥ ದಾರಿಯೇ ಇಲ್ಲವೆಂಬ ಉತ್ತರವನ್ನು ಪಡೆದು ಮಲಗಿದರು.

ಸಮಿತಿಯನ್ನಷ್ಟೇ ಹಳಿದರೆ ಅನ್ಯಾಯವಾದೀತು. ಸವಾರರಾದ ನಾವು ಇಡುವ ಹೆಸರುಗಳೇನೂ ಸಾಚಾ ಅಲ್ಲ; ಆ್ಯಪ್ ತಾನಾಗಿ ಬರೆದುಕೊಡುವ `Morning Ride` ಎಂಬುದನ್ನು ಹಾಗೆಯೇ ಬಿಟ್ಟು, ನಾನೂರು ಮುಂಜಾವಿನ ಸವಾರಿಗಳ ನಡುವೆ ಆ ಒಳ್ಳೆಯ ದಾರಿ ಯಾವುದೆಂದು ತಡಕಾಡುವವರು ನಾವೇ.

ಲೋಕದಲ್ಲಿ ಬೇರೆ ಬಗೆಯ ಜನರೂ ಇದ್ದಾರೆ. ಇಂಗ್ಲೆಂಡಿನಲ್ಲಿ ಪಶ್ಚಿಮದ ಕಡಲಿನಿಂದ ಪೂರ್ವದ ಕಡಲಿಗೆ ಹೋಗುವ ಸೈಕಲ್ ದಾರಿಯೊಂದು 1994ರಲ್ಲಿ ತೆರೆದಾಗ ಅದಕ್ಕೆ `C2C` ಎಂದು ಹೆಸರಿಟ್ಟರು. ‘ಸೀ ಟು ಸೀ’, ಅಂದರೆ ಕಡಲಿನಿಂದ ಕಡಲಿಗೆ; ಮೂರೇ ಸಂಕೇತಗಳಲ್ಲಿ ಎಲ್ಲಿಂದ ಎಲ್ಲಿಗೆ ಎಂಬುದು ಮುಗಿದುಹೋಯಿತು. ಮರುವರ್ಷ ಬೆಲ್ಜಿಯಂನ ಲಿಂಬರ್ಗ್ ಪ್ರಾಂತ್ಯದವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಹೆಸರನ್ನೇ ಕೈಬಿಟ್ಟರು. ಹ್ಯೂಗೊ ಬೊಲ್ಲೆನ್ ಎಂಬ ಗಣಿ ಎಂಜಿನಿಯರ್ ಕೊಟ್ಟ ಸಲಹೆಯಂತೆ ದಾರಿಗಳು ಕೂಡುವ ಜಾಗಕ್ಕೆಲ್ಲ ಒಂದೊಂದು ಸಂಖ್ಯೆ ಕೊಟ್ಟು, ಪ್ರತಿ ಕೂಡುಜಾಗದಲ್ಲೂ ಮುಂದಿನ ಸಂಖ್ಯೆಗಳ ಕಡೆಗೆ ಬಾಣ ನೆಟ್ಟರು. ಸವಾರನು 12, 45, 37 ಎಂದು ಚೀಟಿಯಲ್ಲಿ ಬರೆದುಕೊಂಡು ಹ್ಯಾಂಡಲ್‌ಗೆ ಸಿಕ್ಕಿಸಿದರೆ ದಾರಿ ಸಿದ್ಧ, ಗೆಳೆಯನಿಗೆ ಹೇಳಬೇಕಾದರೂ ಆ ಮೂರು ಸಂಖ್ಯೆಗಳೇ ಸಾಕು. ಆದರೆ ಸಂಖ್ಯೆಗೆ ಸೌಹಾರ್ದವಿಲ್ಲ, ಸಮೃದ್ಧಿಯಿಲ್ಲ, ಉದ್ಘಾಟನೆಯ ಭಾಷಣದಲ್ಲಿ ಅದನ್ನು ಹಿಡಿದು ಅರ್ಧ ಗಂಟೆ ಮಾತನಾಡಲಾಗದು ಎಂದು ನಮ್ಮ ಸಮಿತಿ ಸಂಖ್ಯೆ ಕೊಡುವ ಪ್ರಸ್ತಾಪವನ್ನೂ ‘ಗಮನಿಸಿತು’.

ಅಷ್ಟರಲ್ಲಿ ಸವಾರರು ಯಾರನ್ನೂ ಕೇಳದೆ ಹೆಸರಿಟ್ಟಾಗಿತ್ತು. ಏರಿಯ ಮೇಲಿನ ದಾರಿಯನ್ನು ‘ನಾಲೆ ಸುತ್ತು’ ಎಂದರು; ಸುತ್ತು ಎಂದಮೇಲೆ ಹೊರಟಲ್ಲಿಗೇ ಮರಳುತ್ತೇವೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಬೆಟ್ಟದ ದಾರಿಗೆ ತಿರುಗುವಲ್ಲಿ ಎರಡು ಬಂಡೆಗಳು ಒಂದಕ್ಕೊಂದು ಒರಗಿ ನಿಂತಿರುವುದರಿಂದ ಅದು ‘ಜೋಡಿಬಂಡೆ’ಯಾಯಿತು. ಇಲ್ಲಿ ಮೊದಲು ಎದ್ದದ್ದು ‘ಒಂಟಿಮರ’ ಎಂಬ ಹೆಸರು; ಮರ ಮುಂದಿನ ಗಾಳಿಮಳೆಗೆ ಉರುಳಿದರೆ ಹೆಸರು ಬೀಳುತ್ತದೆ, ಬಂಡೆಗೆ ಆ ಭಯವಿಲ್ಲವೆಂದು ಯಾರೋ ಹೇಳಿದ್ದರಿಂದ ಅದನ್ನು ಬಿಟ್ಟರು. ಒಬ್ಬ ಹುಡುಗ ಇಳಿಜಾರಿನಲ್ಲಿ ಎದುರುಗಾಳಿಗೆ ಹೆಸರನ್ನು ಕೂಗಿದನು, ಹಿಂದೆ ಬರುತ್ತಿದ್ದವನು ಕೇಳಿಸಿಕೊಂಡು ಒಂದೇ ಸಲಕ್ಕೆ ಸರಿಯಾಗಿ ಬರೆದು ತೋರಿಸಿದನು. ಅವರ ಪರೀಕ್ಷೆ ಅಷ್ಟೇ. ಯಂತ್ರದ ಲೆಕ್ಕದಲ್ಲೂ ಮೊದಲನೆಯದು 11 ಸಂಕೇತ, ಎರಡನೆಯದು ಎಂಟು, ಚುಕ್ಕೆಗಳಿಗೆ ಅವಕಾಶವೇ ಇಲ್ಲ. ಎರಡನೆಯ ಹಂತವನ್ನು ಏನೆನ್ನುತ್ತಾರೆಂಬುದನ್ನು ಅಧ್ಯಕ್ಷರೂ ಓದುವ ಈ ಅಂಕಣದಲ್ಲಿ ಬರೆಯಲಾರೆ.

ಸುದ್ದಿ ಸಮಿತಿಗೆ ತಲುಪಿ ತುರ್ತು ಸಭೆ ಸೇರಿತು. ಜನಾಭಿಪ್ರಾಯಕ್ಕೆ ಮನ್ನಣೆ ನೀಡುವುದೇ ತಮ್ಮ ಧ್ಯೇಯವೆಂದು ಅಧ್ಯಕ್ಷರು ಭಾವುಕರಾಗಿ ನುಡಿದು, ಜೋಡಿಬಂಡೆ ಎಂಬ ಹೆಸರನ್ನು ಅಧಿಕೃತಗೊಳಿಸುವ ನಿರ್ಣಯವನ್ನು ಮಂಡಿಸಿದರು. ನಾನು ಮೊದಲ ಸಲ ಮನಸಾರೆ ಚಪ್ಪಾಳೆ ತಟ್ಟಿ ಮನೆಗೆ ಬಂದು, ಹೊಸ ಕಡತವನ್ನು ಸಾಧನಕ್ಕೆ ಇಳಿಸಿಕೊಂಡೆ. ‘ಸರ್ವಶ್ರೇಷ್ಠ ಹಸಿ…’ ಎಂದಿತ್ತು. ಕಡತವನ್ನು ಕಂಪ್ಯೂಟರಿನಲ್ಲಿ ತೆರೆದು ಒಳಗಿನ ಸಾಲನ್ನು ಕೊನೆಯವರೆಗೂ ಓದಿದಾಗ ‘ಸೈಕಲ್ ಪಥ – ಹಂತ 3’ ಆದಮೇಲೆ ಅಲ್ಪವಿರಾಮ ಹಾಕಿ ‘ಜೋಡಿಬಂಡೆ’ ಎಂದು ಸೇರಿಸಿದ್ದರು.