ಅಡ್ಡಿಲ್ಲ ಅಂದ್ರೆ ಆಗಲ್ಲ ಸಾರ್

ಅಡಿಕೆ ಸುಲಿಯೋ ಯಂತ್ರ ತರೋಕೆ ಶಿವಮೊಗ್ಗಕ್ಕೆ ಹೋಗಿದ್ದೆ. ದುಡ್ಡು ಕೊಟ್ಟಾಯಿತು, ರಸೀದಿ ಹರಿದಾಯಿತು. ಇನ್ನೇನು ಹೊರಡಬೇಕು, ಅಂಗಡಿ ಹುಡುಗ ಮೊಬೈಲ್ ಹಿಡಿದು ಬಾಗಿಲಿಗೆ ಅಡ್ಡ ನಿಂತ. "ಸಾರ್, ಒಂದೇ ನಿಮಿಷ. ನಿಮ್ಮ ಅನುಭವ ಹೇಳಿ."

ಅನುಭವ! ಯಂತ್ರದ ಪ್ಲಾಸ್ಟಿಕ್ ಇನ್ನೂ ಬಿಚ್ಚಿರಲಿಲ್ಲ.

ಅದಕ್ಕೂ ಅವನ ಹತ್ತಿರ ದಾರಿ ಇತ್ತು. ಹಿಂದೆ ಒಬ್ಬ ರಟ್ಟು ಹಿಡಿದು ನಿಂತ. "ಒಂದು ವರ್ಷದಿಂದ ಬಳಸ್ತಿದ್ದೀನಿ, ಸೂಪರ್ ಆಗಿದೆ, ನೀವೂ ಇಂದೇ ಖರೀದಿಸಿ" ಅಂತ ಬರೆದಿತ್ತು. ನಾನು ರಟ್ಟು ಪಕ್ಕಕ್ಕಿಡಿಸಿ, ಅಂಗಡಿಯಲ್ಲಿ ಓಡಿಸಿ ತೋರಿಸಿದ್ದು ನೋಡಿ, ನನಗೆ ಅನಿಸಿದ್ದನ್ನೇ ಹೇಳಿದೆ: "ಅಡ್ಡಿಲ್ಲ."

"ಅಡ್ಡಿಲ್ಲ ಅಂದ್ರೆ ಆಗಲ್ಲ ಸಾರ್. ಸೂಪರ್ ಅನ್ನಿ."

ಮಾರಾಯ, ನಮ್ಮ ಕಡೆ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಮದುವೆ ಊಟ ಉಂಡು ನಾಲ್ಕು ಸಲ ಹೋಳಿಗೆ ಹಾಕಿಸಿಕೊಂಡವನೂ ಕೈ ತೊಳೆಯುವಾಗ ಹೇಳೋದು "ಅಡ್ಡಿಲ್ಲ" ಅಂತಲೇ. ಮಗ ಇಂಜಿನಿಯರಿಂಗ್ ಪಾಸಾದರೂ ಅಷ್ಟೇ. ನಲವತ್ತು ವರ್ಷ ಸಂಸಾರ ಮಾಡಿದ ಹೆಂಡತಿ ಬಗ್ಗೆ ಕೇಳಿದರೂ ಅಷ್ಟೇ. ಅವಳನ್ನು ಕೇಳಿದರೆ ಅದೂ ಸಿಗುತ್ತೋ ಇಲ್ಲವೋ. ಇಂಥ ಊರಲ್ಲಿ ಒಬ್ಬ "ಸೂಪರ್" ಅಂದರೆ, ಅವನಿಗೆ ಎಷ್ಟು ಕೊಟ್ಟರು ಅಂತ ಜನ ಮೊದಲು ಲೆಕ್ಕ ಹಾಕುತ್ತಾರೆ.

ಚಿತ್ರೀಕರಣವೂ ನೋಡೋ ಹಾಗಿತ್ತು. ಗಾಜಿನ ಬಾಗಿಲಿನ ಎದುರು ನಿಲ್ಲಿಸಿದರು. ಬೆಳಕೆಲ್ಲ ಬೆನ್ನ ಹಿಂದೆ, ಮುಖ ಕಾವಲಿಯ ತಳ. ಅಂಗಡಿ ಬೋರ್ಡು ಪೂರ್ತಿ ಬರಬೇಕು ಅಂತ ಹುಡುಗ ಹತ್ತು ಅಡಿ ಹಿಂದೆ ಹೋದ. ಅಷ್ಟು ದೂರದಿಂದ ಮೊಬೈಲಿಗೆ ಕೇಳಿಸಿದ್ದು ನನ್ನ ಮಾತಲ್ಲ, ರಸ್ತೆಯ ಬಸ್ಸಿನದ್ದು. ಆರು ಟೇಕ್ ಆಯಿತು. ಆರನೆಯದಕ್ಕೆ ನನ್ನ ಕಣ್ಣು ಎಡದಿಂದ ಬಲಕ್ಕೆ ಓಡುತ್ತಿತ್ತು. ಆ ಹೊತ್ತಿಗೆ ರಟ್ಟು ವಾಪಸ್ ಬಂದಿತ್ತು ನೋಡಿ. ಯಾರದ್ದೋ ವಿಡಿಯೋ ಅಸಲಿಯೋ ಅಂತ ಅನುಮಾನ ಬಂದರೆ ಕಣ್ಣುಗುಡ್ಡೆ ನೋಡಿ, ಸಾಕು.

ಹಾಗಂತ ಅಸಲಿ ವಿಡಿಯೋ ಮಾಡೋದು ಬ್ರಹ್ಮವಿದ್ಯೆ ಏನಲ್ಲ. ತೀರ್ಥಹಳ್ಳಿ ಹತ್ತಿರ ನನ್ನ ಅಕ್ಕನ ಮಗ ಇಂಥದ್ದೇ ಯಂತ್ರ ರಿಪೇರಿ ಮಾಡಿ ಮಾರುತ್ತಾನೆ. ಅವನ ಗಿರಾಕಿ ರಾಯರ ಮಾತು ವಿಡಿಯೋ ಮಾಡೋಕೆ ಒಮ್ಮೆ ಅವರ ಮನೆಗೆ ಜೊತೆಗೆ ಹೋಗಿದ್ದೆ. ಅದೂ ಯಂತ್ರ ಕೊಟ್ಟ ದಿನ ಅಲ್ಲ, ಒಂದು ಕೊಯ್ಲು ಮುಗಿದ ಮೇಲೆ. ಅಡಿಕೆ ಕೈಯಲ್ಲಿ ಮುಟ್ಟಿ ಮಬ್ಬಾಗಿದ್ದ ಫೋನಿನ ಲೆನ್ಸನ್ನು ಮೊದಲು ಬಟ್ಟೆಯಲ್ಲಿ ಒರೆಸಿದ. ಫೋನ್ ಬರದ ಹಾಗೆ ಏರೋಪ್ಲೇನ್ ಮೋಡಿಗೆ ಹಾಕಿದ. ಮೋಟರ್ ನಿಲ್ಲಿಸಿದ. ಅಂಗಳದ ಬೆಳಕು ಮುಖಕ್ಕೆ ಬೀಳೋ ಹಾಗೆ ರಾಯರನ್ನು ಜಗಲಿಯಲ್ಲಿ ಕೂರಿಸಿ, ಅವರ ಕಣ್ಣಿನ ಎತ್ತರಕ್ಕೆ ಬರುವಷ್ಟು ಅಕ್ಕಿ ಡಬ್ಬ ಪೇರಿಸಿ, ಮೂರಡಿ ದೂರದಲ್ಲಿ ಫೋನ್ ಒರಗಿಸಿದ. ಪರದೆ ಮೇಲೆ ಅವರ ಮುಖವನ್ನು ಒತ್ತಿ ಹಿಡಿದ. ಫೋಕಸ್ಸು, ಬೆಳಕು ಅಲ್ಲೇ ಕಟ್ಟಿಹಾಕಿದ ಹಾಗೆ ನಿಲ್ಲುತ್ತಂತೆ. ಆಮೇಲೆ ಫೋನಿನ ಪಕ್ಕದಲ್ಲೇ ಕೂತ, ರಾಯರು ಫೋನನ್ನು ಮರೆತು ಇವನನ್ನು ನೋಡಲಿ ಅಂತ.

"ಚೆನ್ನಾಗಿದೆಯಾ?" ಅಂತ ಕೇಳಲಿಲ್ಲ. ಅದಕ್ಕೆ ಬರೋದು ಬರೀ "ಹೂಂ".

"ಯಂತ್ರ ಬರೋಕೆ ಮುಂಚೆ ಸುಲಿತ ಹೆಂಗೆ ನಡೀತಿತ್ತು ರಾಯರೆ? ನನ್ನ ಪ್ರಶ್ನೆ ತೆಗೆದುಬಿಡ್ತೀನಿ, ಸುಲಿತ ಅಂತಲೇ ಶುರು ಮಾಡಿ."

ರಾಯರು ಶುರು ಮಾಡಿದರು. ಮೆಟ್ಟುಗತ್ತಿ, ಬಾರದ ಆಳು, ರಾಶಿ ಬಿದ್ದ ಹಸಿ ಅಡಿಕೆ, ರಾತ್ರಿ ಹನ್ನೊಂದರ ತನಕ ಕೂತಿದ್ದು.

"ತಗೊಳ್ಳೋಕೆ ಮುಂಚೆ ಏನು ಅನುಮಾನ ಇತ್ತು?"

"ಸಣ್ಣ ಕಾಯಿ ಕಡಿದು ಹಾಕುತ್ತೆ ಅಂತ. ಈಗಲೂ ಕಡಿಯುತ್ತೆ. ಅದನ್ನ ಬೇರೆ ಆರಿಸಿ ಕೈಯಲ್ಲೇ ಸುಲೀತೀವಿ."

ನಾನಾಗಿದ್ದರೆ ಅಲ್ಲಿಗೇ ನಿಲ್ಲಿಸುತ್ತಿದ್ದೆ. ಇವನು ಸುಮ್ನೆ ತಲೆಯಾಡಿಸಿ ಬಾಯಿ ಮುಚ್ಚಿಕೊಂಡು ಕೂತ. ಮೂರು, ನಾಲ್ಕು ಸೆಕೆಂಡು. ಖಾಲಿ ಜಾಗ ತಡೆಯಲಾಗದೆ ರಾಯರೇ ಮುಂದುವರಿಸಿದರು. "ಆದ್ರೆ ಈ ಸಲ ಇವಳು ಎಂಟಕ್ಕೆ ಮಲಗಿದ್ಲು. ಬೆನ್ನಿಗೆ ಎಣ್ಣೆ ತಿಕ್ಕೋದು ತಪ್ತು ನನಗೆ."

ಹನ್ನೆರಡು ನಿಮಿಷದ ಮಾತಿನಲ್ಲಿ ಐವತ್ತು ಸೆಕೆಂಡು ಉಳಿಸಿಕೊಂಡ. ಸಣ್ಣ ಕಾಯಿ ವಿಷಯ ತೆಗೆಯಲಿಲ್ಲ. ಅದಿದ್ದರೇ ಬೆನ್ನಿನ ಎಣ್ಣೆ ನಂಬೋ ಹಾಗಾಗೋದು. ರಾಯರಿಗೆ ತೋರಿಸಿ, "ಹಾಕ್ಲಾ?" ಅಂತ ಕೇಳಿ, ಆಮೇಲೆ ಹಾಕಿದ.

ಪೇಟೆಯ ನಿರ್ದೇಶಕರಿಗೆ ಇದೆಲ್ಲ ಬೇಡ. 2022ರಲ್ಲೇ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಮಾರ್ಗಸೂಚಿ ತಂದಿದೆ. ಜಾಹೀರಾತಿನಲ್ಲಿ ಒಬ್ಬರು ಶಿಫಾರಸು ಮಾಡಿದರೆ ಅದು ಅವರ ನಿಜವಾದ ಅಭಿಪ್ರಾಯ ಆಗಿರಬೇಕು, ಆ ವಸ್ತುವಿನ ಬಗ್ಗೆ ಸಾಕಷ್ಟು ಮಾಹಿತಿಯೋ ಅನುಭವವೋ ಇರಬೇಕು. ರಟ್ಟಿನ ಮೇಲೆ ಬರೆದ ಒಂದು ವರ್ಷ ಅನುಭವ ಅಲ್ಲ, ಸುಳ್ಳು. ಅದನ್ನು ನೋಡಿ ಯಾರೋ ಸೊಸೈಟಿಯಲ್ಲಿ ಸಾಲ ಎತ್ತಿ ಯಂತ್ರ ತರುತ್ತಾನೆ. ಬೇಜಾರು ಅಲ್ಲ, ಸಿಟ್ಟೇ ಬರುತ್ತೆ. ನಾನೂ ಓದಿಬಿಟ್ಟೆನಲ್ಲ, ಬಸ್ಸು ತಪ್ಪುತ್ತೆ ಅಂತ.

ನಾಲ್ಕನೇ ದಿನಕ್ಕೆ ಯಂತ್ರದ ಬೆಲ್ಟು ಕಿತ್ತುಬಂತು. ಅಂಗಡಿಗೆ ಫೋನ್ ಮಾಡಿದೆ. ಅದೇ ಹುಡುಗ.

"ಏನ್ ಸಾರ್ ನೀವು, ಒಂದು ವರ್ಷದಿಂದ ಸೂಪರ್ ಆಗಿದೆ ಅಂತ ನೀವೇ ಹೇಳಿದ್ರಲ್ಲ?"