ಎರಡು ಸಲ ತಿರುಗಿದರೆ -1

ಸಂಕೀರ್ಣ ಸಂಖ್ಯೆಗಳ ಬಗ್ಗೆ ನೀವು ಬರೆದ ಲೇಖನದಲ್ಲಿ i ಅನ್ನು ಹೀಗೆ ಪರಿಚಯಿಸಿದ್ದೀರಿ: "ಯಾವ ಸಂಖ್ಯೆಯ ವರ್ಗ -1? ಅಂಥದ್ದು ಇಲ್ಲ, ಹಾಗಾಗಿ i ಅಂತ ಒಂದನ್ನು ಊಹಿಸಿಕೊಳ್ಳೋಣ."

ಈ 'ಊಹಿಸಿಕೊಳ್ಳೋಣ' ಅನ್ನುವ ಕಡೆಯೇ ಮಕ್ಕಳಿಗೆ ನಂಬಿಕೆ ಹೋಗುತ್ತದೆ. ಪಿಯುಸಿಯವರಿಗೆ ಪಾಠ ಹೇಳುವಾಗ ನಾನು ಮೊದಲು ಗ್ರಾಫ್ ಹಾಳೆ ಕೊಡುತ್ತೇನೆ. 3 ಅನ್ನು -1ರಿಂದ ಗುಣಿಸಿದರೆ -3. ಅಂದರೆ ಸೊನ್ನೆಯ ಸುತ್ತ ಅರ್ಧ ಸುತ್ತು, 180 ಡಿಗ್ರಿ. ಹಾಗಾದರೆ ಎರಡು ಸಲ ಮಾಡಿದಾಗ ಅರ್ಧ ಸುತ್ತಾಗುವ ಕೆಲಸ ಯಾವುದು ಅಂತ ಕೇಳಿದರೆ, ಯಾರಾದರೊಬ್ಬರು 'ಕಾಲು ಸುತ್ತು' ಅಂದೇ ಅನ್ನುತ್ತಾರೆ. i ಯಿಂದ ಗುಣಿಸುವುದು ಅಂದರೆ ಅದೇ. 1 ಅನ್ನು ಹಾಗೆ ತಿರುಗಿಸಿದಾಗ ಸಿಗುವ i ಸಂಖ್ಯಾರೇಖೆಯ ಮೇಲಿಲ್ಲ, ಸೊನ್ನೆಯಿಂದ ನೇರ ಮೇಲೆ ಒಂದು ಮನೆ ದೂರದಲ್ಲಿದೆ. ಎದುರು ದಿಕ್ಕಿಗೆ ಕಾಲು ಸುತ್ತು ತಿರುಗಿದರೂ ಆಗುತ್ತೆ ಅಲ್ವಾ? ಅದು -i. ನಿಮ್ಮ ಲೇಖನದಲ್ಲಿ ಈ ಎರಡನೇ ಉತ್ತರ ಬಿಟ್ಟುಹೋಗಿದೆ.

ಇನ್ನು, 3+2i ಬಿಂದುವನ್ನು, ಅಂದರೆ ಸೊನ್ನೆಯಿಂದ ಬಲಕ್ಕೆ ಮೂರು ಮನೆ, ಮೇಲಕ್ಕೆ ಎರಡು ಮನೆ ದೂರದ ಬಿಂದುವನ್ನು, ಸುಮ್ನೆ ಗುರುತಿಸಿ ನಿಲ್ಲಿಸಬೇಡಿ. ಅದನ್ನು i ಯಿಂದ ಗುಣಿಸಿ: 3i+2i², ಅಂದರೆ -2+3i. ಎರಡೂ ಬಿಂದುಗಳಿಂದ ಸೊನ್ನೆಗೆ ಗೆರೆ ಎಳೆದು, ಆ ಮೂಲೆಗೆ ಮೂಲೆಮಟ್ಟ ಇಡಿಸಿ. ಲಂಬಕೋನ ಸರಿಯಾಗಿ ಕೂರುತ್ತದೆ. ಕೂರದಿದ್ದರೆ ಹೆಚ್ಚಾಗಿ i² ನ ಚಿಹ್ನೆ ಮರೆತು 2+3i ಅಂತ ಗುರುತಿಸಿರುತ್ತಾರೆ.